ರಿಪೀಟರ್ ಬೆಳಕನ್ನು ಸ್ವಚ್ಛ ಮಾಡುವುದಿಲ್ಲ

"ಮೇಡಂ, ನಮ್ಮ ಕಾಲೇಜಿನ ಟೆಕ್ ಫೆಸ್ಟ್‌ನಲ್ಲಿ ಸಮುದ್ರದಡಿಯ ಫೈಬರ್ ಕೇಬಲ್ ಬಗ್ಗೆ ಮಾತಾಡಲಿದ್ದೇನೆ. ಭಾಷಣವನ್ನು ಕನ್ನಡದಲ್ಲೇ ಬರೆದುಕೊಂಡಿದ್ದೇನೆ. ರಿಪೀಟರ್, ತರಂಗಾಂತರ ಮಲ್ಟಿಪ್ಲೆಕ್ಸಿಂಗ್ ಎಲ್ಲಾ ಇದೆ. ಇದನ್ನೇ ನಿಮ್ಮ ಪತ್ರಿಕೆಗೆ ಲೇಖನ ಮಾಡಬಹುದಾ? ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ."
– ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ, ಮೂರನೇ ವರ್ಷ

ನಿಮ್ಮ ಭಾಷೆ ಚೆನ್ನಾಗಿದೆ. ವಾಕ್ಯಗಳು ಚಿಕ್ಕವು, ಜೋರಾಗಿ ಓದಿದರೆ ಎಲ್ಲೂ ತಡವರಿಸುವುದಿಲ್ಲ. ಆದರೆ ನಾಲ್ಕನೇ ಪುಟದಲ್ಲಿ, ದಾರಿಯಲ್ಲಿ ಮಂಕಾಗುವ ಬೆಳಕಿಗೆ ಮತ್ತೆ ಬಲ ತುಂಬುವ ರಿಪೀಟರ್ ಬಗ್ಗೆ ಓದುವಾಗ ನನಗೆ ಸಿಟ್ಟು ಬಂತು. ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

ನಿಮ್ಮ ಸಾಲು ಇದು: "ರಿಪೀಟರ್ ಬೆಳಕನ್ನು ವಿದ್ಯುತ್ತಾಗಿ ಬದಲಿಸಿ, ಸ್ವಚ್ಛ ಮಾಡಿ, ಮತ್ತೆ ಬೆಳಕಾಗಿಸಿ ಮುಂದಕ್ಕೆ ಕಳಿಸುತ್ತದೆ." ಅದರ ಬೆನ್ನಿಗೇ ಇನ್ನೊಂದು: "ಒಂದೇ ಎಳೆಯಲ್ಲಿ ನೂರಕ್ಕೂ ಹೆಚ್ಚು ತರಂಗಾಂತರಗಳು ಒಟ್ಟಿಗೆ ಹೋಗುತ್ತವೆ." ಬಿಡಿಬಿಡಿಯಾಗಿ ಎರಡಕ್ಕೂ ಆಧಾರ ಸಿಗುತ್ತದೆ. ಆದರೆ ಎರಡನ್ನೂ ಒಂದೇ ಕೇಬಲ್‌ಗೆ ಹೇಳಿದರೆ ಲೆಕ್ಕ ಕೂಡುವುದಿಲ್ಲ.

ಮೊದಲ ಸಾಲು 1988ರ ಟ್ಯಾಟ್-8 ಕೇಬಲ್‌ಗೆ ಸರಿ. ಅಟ್ಲಾಂಟಿಕ್ ದಾಟಿದ ಮೊದಲ ಫೈಬರ್ ಕೇಬಲ್ ಅದು. ಅದರ ರಿಪೀಟರ್ ನೀವು ಬರೆದ ಹಾಗೇ ಕೆಲಸ ಮಾಡುತ್ತಿತ್ತು, ಯಾಕೆಂದರೆ ಒಂದು ಎಳೆಯಲ್ಲಿ ಒಂದೇ ಬಣ್ಣದ ಬೆಳಕು ಇತ್ತು. ಈಗ ಚೆನ್ನೈಯಿಂದ ಸಿಂಗಪುರಕ್ಕೆ ಹೋಗುವ ಐ2ಐ ಕೇಬಲ್ ತೆಗೆದುಕೊಳ್ಳಿ. 2002ರದ್ದು, ಸುಮಾರು 3,200 ಕಿಲೋಮೀಟರ್ ಉದ್ದ. ಎಂಟು ಜೋಡಿ ಎಳೆ, ಪ್ರತಿ ಎಳೆಯಲ್ಲಿ 105 ತರಂಗಾಂತರ ಎಂಬುದು ಅದರ ವಿನ್ಯಾಸ. ನಿಮ್ಮ ರಿಪೀಟರ್ ಅಲ್ಲಿದ್ದರೆ ಒಂದೊಂದು ತರಂಗಾಂತರವನ್ನೂ ಬೇರ್ಪಡಿಸಿ, ಪ್ರತಿಯೊಂದಕ್ಕೂ ಒಂದು ರಿಸೀವರ್, ಒಂದು ಲೇಸರ್ ಇಡಬೇಕು. ಹದಿನಾರು ಎಳೆ, 105 ಬಣ್ಣ. ಒಂದೇ ಡಬ್ಬಿಯಲ್ಲಿ 1,680 ರಿಸೀವರ್, 1,680 ಲೇಸರ್. ಅಂಥ ಡಬ್ಬಿ ಕಟ್ಟಿ, ಕರೆಂಟ್ ಕೊಟ್ಟು, ಸಮುದ್ರದ ತಳದಲ್ಲಿ ಕಾಲು ಶತಮಾನ ರಿಪೇರಿ ಇಲ್ಲದೆ ನಡೆಸಲು ಆಗುತ್ತದಾ?

ದಾರಿ ತೆರೆದದ್ದು ಎರ್ಬಿಯಂ ಎಂಬ ಲೋಹ. 1987ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇನ್ ತಂಡ ಎರ್ಬಿಯಂ ಬೆರೆಸಿದ ಎಳೆಯಲ್ಲಿ ಬೆಳಕನ್ನು ನೇರವಾಗಿ ಹಿಗ್ಗಿಸಿ ತೋರಿಸಿತು. ಈಗಿನ ರಿಪೀಟರ್‌ನ ಒಳಗೆ ಅಂಥ ಎಳೆಯ ಕೆಲವು ಮೀಟರ್ ಸುರುಳಿ ಇರುತ್ತದೆ. 980 ನ್ಯಾನೋಮೀಟರ್‌ನ ಪಂಪ್ ಲೇಸರ್ ಆ ಎರ್ಬಿಯಂ ಅಯಾನುಗಳಿಗೆ ಶಕ್ತಿ ತುಂಬುತ್ತದೆ. ಸಿಗ್ನಲ್‌ನ ಬೆಳಕು ಹಾದು ಹೋದಾಗ ಅವು ಅದೇ ಬಣ್ಣದ, ಅದೇ ದಿಕ್ಕಿನ ಬೆಳಕು ಬಿಟ್ಟು ಶಕ್ತಿ ಕಳೆದುಕೊಳ್ಳುತ್ತವೆ. 1,530ರಿಂದ 1,565 ನ್ಯಾನೋಮೀಟರ್‌ವರೆಗಿನ ಎಲ್ಲಾ ಬಣ್ಣಗಳೂ ಒಂದೇ ಸುರುಳಿಯಲ್ಲಿ ಒಟ್ಟಿಗೆ ದೊಡ್ಡದಾಗುತ್ತವೆ. ವಿದ್ಯುತ್ತಿಗೆ ಬದಲಿಸುವ ಹಂತವೇ ಇಲ್ಲ. ಒಂದೇ ಎಳೆಯಲ್ಲಿ ಹಲವು ಬಣ್ಣ ಕಳಿಸುವ ಮಲ್ಟಿಪ್ಲೆಕ್ಸಿಂಗ್ ಸಮುದ್ರಕ್ಕೆ ಇಳಿದದ್ದು ಇದರಿಂದಲೇ. ನಿಮ್ಮ ಇಡೀ ಭಾಷಣದ ಗಂಟು ಇಲ್ಲಿದೆ, ಅದನ್ನೇ ನೀವು ದಾಟಿ ಹೋಗಿದ್ದೀರಿ.

"ಸ್ವಚ್ಛ ಮಾಡಿ" ಎಂಬುದು ನನಗೆ ಇನ್ನೂ ಜಾಸ್ತಿ ಚುಚ್ಚಿತು. ಈ ಆಂಪ್ಲಿಫೈಯರ್ ಏನನ್ನೂ ಸ್ವಚ್ಛ ಮಾಡುವುದಿಲ್ಲ, ಕೊಳೆ ಸೇರಿಸುತ್ತದೆ. ಕೆಲವು ಅಯಾನುಗಳು ಸಿಗ್ನಲ್‌ಗೆ ಕಾಯದೆ ತಾವಾಗಿಯೇ ಬೆಳಕು ಬಿಡುತ್ತವೆ. ಅದು ನಾಯ್ಸ್. ಮುಂದಿನ ಆಂಪ್ಲಿಫೈಯರ್ ಸಿಗ್ನಲ್ ಜೊತೆ ಅದನ್ನೂ ಹಿಗ್ಗಿಸಿ, ತನ್ನದೊಂದಿಷ್ಟು ಸೇರಿಸುತ್ತದೆ. ಹೀಗೆ ದಡದವರೆಗೂ ಕೂಡುತ್ತಾ ಹೋಗುತ್ತದೆ. ಬಿಟ್‌ಗಳ ತಪ್ಪು ತಿದ್ದುವ ಕೆಲಸ ನಡೆಯುವುದು ದಡದ ರಿಸೀವರ್‌ನಲ್ಲಿ.

ಇದನ್ನು ತಿಳಿದರೆ ನಿಮ್ಮ ಐದನೇ ಪುಟದ "80 ಕಿಲೋಮೀಟರ್‌ಗೆ ಒಂದು ರಿಪೀಟರ್" ಎಂಬ ಮಾತಿಗೂ ಜೀವ ಬರುತ್ತದೆ. ಎಳೆಯಲ್ಲಿ ಕಿಲೋಮೀಟರ್‌ಗೆ 0.2 ಡೆಸಿಬೆಲ್ ನಷ್ಟ ಅಂದುಕೊಳ್ಳಿ. 80 ಕಿಲೋಮೀಟರ್‌ಗೆ 16 ಡೆಸಿಬೆಲ್, ಅಂದರೆ ಬೆಳಕು ನಲವತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಅದನ್ನು ನಲವತ್ತು ಪಟ್ಟು ಹಿಗ್ಗಿಸಬೇಕು. 40 ಕಿಲೋಮೀಟರ್‌ಗೇ ಒಂದು ಇಟ್ಟರೆ ಆರು ಪಟ್ಟು ಚಿಲ್ಲರೆ ಸಾಕು. ಆಂಪ್ಲಿಫೈಯರ್‌ಗಳ ಸಂಖ್ಯೆ ಎರಡರಷ್ಟಾದರೂ, ಪ್ರತಿಯೊಂದೂ ಅಷ್ಟು ಜೋರಾಗಿ ಹಿಗ್ಗಿಸಬೇಕಾಗಿಲ್ಲದ ಕಾರಣ ದಡ ಮುಟ್ಟುವ ಒಟ್ಟು ನಾಯ್ಸ್ ಸರಿಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ತುಂಬಾ ಉದ್ದದ ಕೇಬಲ್‌ಗಳಲ್ಲಿ ರಿಪೀಟರ್‌ಗಳನ್ನು ಹತ್ತಿರ ಹತ್ತಿರ ಇಡಲು ಇದೇ ಕಾರಣ. ಬೆಳಕನ್ನೇ ಇನ್ನೂ ಜೋರಾಗಿ ಬಿಡೋಣ ಅಂದರೆ ಗಾಜಿನ ಒಳಗೆ ಬಣ್ಣಗಳು ಒಂದರ ಮೇಲೊಂದು ಪರಿಣಾಮ ಬೀರಿ ಸಿಗ್ನಲ್ ಕೆಡುತ್ತದೆ.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಒಬ್ಬ ಹಿರಿಯ ಸಂಪಾದಕರಿದ್ದರು. ಯಾವ ಯಂತ್ರದ ಬಗ್ಗೆ ಲೇಖನ ಬಂದರೂ ಮೊದಲು ಹಾಳೆ ಮುಂದಿಟ್ಟು, "ಒಳಗೆ ಹೋದದ್ದು ಹೊರಗೆ ಬರುವವರೆಗೆ ಬೆರಳಿಟ್ಟು ತೋರಿಸಮ್ಮ" ಅನ್ನುತ್ತಿದ್ದರು. ನೀರಿನ ಪಂಪಾಗಲಿ, ರೇಡಿಯೋ ಆಗಲಿ, ಬೆರಳು ಎಲ್ಲಿ ನಿಂತಿತೋ ಅಲ್ಲಿಗೆ ಓದು ನಿಲ್ಲುತ್ತಿತ್ತು. ಆಮೇಲೆ ಲೇಖಕರಿಗೆ ಪತ್ರ ಬರೆಯುವ ಕೆಲಸ ನನ್ನದು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಎದ್ದರೂ ನಾನು ಬಾಣದ ಗುರುತು ಹಾಕುತ್ತಾ ಕೂತಿರುತ್ತಿದ್ದೆ. ಇವತ್ತಿಗೂ ಹಸ್ತಪ್ರತಿ ಬಂದರೆ ನನ್ನ ಬೆರಳು ತಾನಾಗಿಯೇ ಹಾಳೆಯ ಮೇಲೆ ಹೊರಡುತ್ತದೆ. ನಿಮ್ಮ ಆರನೇ ಪುಟದಲ್ಲಿ ಅದು ಮತ್ತೆ ನಿಂತಿತು.

"ಪ್ರತಿ ರಿಪೀಟರ್‌ಗೂ ಹತ್ತು ಸಾವಿರ ವೋಲ್ಟ್ ಕೊಡಲಾಗುತ್ತದೆ." ಎಲ್ಲಿಂದ? ಯಾವ ತಂತಿಯಲ್ಲಿ? ವಾಪಸ್ ಹೋಗುವುದು ಎಲ್ಲಿಂದ? ದೀಪಾವಳಿಯ ಸೀರಿಯಲ್ ಸೆಟ್ ನೆನೆಸಿಕೊಳ್ಳಿ. ರಿಪೀಟರ್‌ಗಳು ಹಾಗೆ ಒಂದರ ಹಿಂದೆ ಒಂದು ಸಾಲಾಗಿವೆ. ಎಳೆಗಳ ಸುತ್ತ ಇರುವ ತಾಮ್ರದ ಕೊಳವೆಯಲ್ಲಿ ಸುಮಾರು ಒಂದು ಆಂಪಿಯರ್ ಕರೆಂಟ್ ಹರಿಯುತ್ತದೆ. ಅದನ್ನು ದಡದ ಯಂತ್ರಗಳು ಬದಲಾಗದಂತೆ ಕಾಯುತ್ತವೆ. ವಾಪಸ್ ದಾರಿ ಸಮುದ್ರವೇ. ವೋಲ್ಟೇಜ್ ಎಷ್ಟು ಬೇಕೋ ಅಷ್ಟಕ್ಕೆ ತಾನಾಗಿ ಹೊಂದಿಕೊಳ್ಳುತ್ತದೆ.

ಚೆನ್ನೈ–ಸಿಂಗಪುರದ ಉದ್ದಕ್ಕೇ ಒಂದು ಲೆಕ್ಕ ಮಾಡಿ. ಸುಲಭವಾಗಲಿ ಅಂತ ಸಂಖ್ಯೆಗಳನ್ನು ನಾನೇ ಇಟ್ಟುಕೊಳ್ಳುತ್ತೇನೆ. ತಾಮ್ರದ ರೋಧ ಕಿಲೋಮೀಟರ್‌ಗೆ ಒಂದು ಓಮ್ ಅಂದರೆ 3,200 ವೋಲ್ಟ್. 80 ಕಿಲೋಮೀಟರ್‌ಗೆ ಒಂದರಂತೆ ನಲವತ್ತು ರಿಪೀಟರ್, ಒಂದೊಂದಕ್ಕೆ 50 ವೋಲ್ಟ್ ಅಂದರೆ 2,000. ಒಟ್ಟು 5,200. ಒಂದು ದಡ ಪ್ಲಸ್ 2,600, ಇನ್ನೊಂದು ಮೈನಸ್ 2,600 ಕೊಡುತ್ತವೆ. ನಡುವೆ ಎಲ್ಲೋ ಸೊನ್ನೆ.

ಈಗ ಮೀನುಬಲೆ ತಾಗಿ ಚೆನ್ನೈಯಿಂದ 800 ಕಿಲೋಮೀಟರ್ ದೂರದಲ್ಲಿ ಹೊದಿಕೆ ಹರಿಯಿತು ಅಂದುಕೊಳ್ಳಿ. ತಾಮ್ರಕ್ಕೆ ಉಪ್ಪುನೀರು ತಗುಲಿತು. ಸೊನ್ನೆಯ ಜಾಗ ಅಲ್ಲಿಗೆ ಸರಿಯುತ್ತದೆ. ಚೆನ್ನೈ ಈಗ 800 ಕಿಲೋಮೀಟರ್ ತಾಮ್ರ ಮತ್ತು ಹತ್ತು ರಿಪೀಟರ್‌ಗೆ ಮಾತ್ರ ಕೊಡಬೇಕು, ಅಂದರೆ 1,300 ವೋಲ್ಟ್. ಸಿಂಗಪುರ 3,900ಕ್ಕೆ ಏರುತ್ತದೆ. ಎಳೆ ಮುರಿಯದಿದ್ದರೆ ಡೇಟಾ ಹರಿಯುತ್ತಲೇ ಇರುತ್ತದೆ, ಬಳಸುವವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಈ ಎರಡು ಮೀಟರ್‌ಗಳನ್ನು ನೋಡಿದ ಇಂಜಿನಿಯರ್‌ಗೆ ಹಡಗನ್ನು ಸುಮಾರಾಗಿ ಎಲ್ಲಿಗೆ ಕಳಿಸಬೇಕು ಅನ್ನುವುದು ಗೊತ್ತಾಗಿಬಿಡುತ್ತದೆ. ತಾಮ್ರ ಎಷ್ಟು ಸರಿಯಾಗಿ ನೀರಿಗೆ ತಗುಲಿದೆ ಅನ್ನುವುದರ ಮೇಲೆ ಲೆಕ್ಕ ಕೆಲವು ಕಿಲೋಮೀಟರ್ ಆಚೀಚೆ ಆಗಬಹುದು, ಅದನ್ನೂ ಹೇಳಿ.

ಇದಕ್ಕೆ ಜಾಗ ಬೇಕಾದರೆ ಮೊದಲ ಎರಡು ಪುಟದ ಟೆಲಿಗ್ರಾಫ್ ಇತಿಹಾಸ ತೆಗೆಯಿರಿ. ಸಭೆಯಲ್ಲಿ ಸ್ಲೈಡ್ ಬಿಟ್ಟು ಬೋರ್ಡ್ ಮೇಲೆ ಒಂದು ಗೆರೆ ಎಳೆದು, ಯಾರಾದರೂ ಒಬ್ಬರನ್ನು ಕರೆದು ಹೊದಿಕೆ ಹರಿದ ಜಾಗ ಗುರುತಿಸಲು ಹೇಳಿ. ಆ ಜಾಗಕ್ಕೆ ಎರಡು ದಡದ ವೋಲ್ಟೇಜ್ ನೀವು ಅಲ್ಲೇ ಲೆಕ್ಕ ಹಾಕಿ. ಲೇಖನ ಮಾಡುವಾಗ ನಾಲ್ಕರಿಂದ ಆರನೇ ಪುಟವನ್ನು ಪೂರ್ತಿ ಹೊಸದಾಗಿ ಬರೆದು, ರಿಪೀಟರ್ ಒಳಗಿನ ಚಿತ್ರವನ್ನು ಕೈಯಲ್ಲೇ ಬಿಡಿಸಿ ನನಗೆ ಕಳಿಸಿ. ಪಂಪ್ ಲೇಸರ್‌ನ ಬೆಳಕು ಎಳೆಗೆ ಎಲ್ಲಿ ಸೇರುತ್ತದೆ ಅನ್ನುವುದು ಆ ಚಿತ್ರದಲ್ಲಿ ಕಾಣಬೇಕು.