ಬೆವರಿನ ಕಲೆ ಕಾಣದ ಅಂಗಿ

“ದಿನಾ ಒಂದು ಗಂಟೆ ಬಸ್ಸಿನಲ್ಲಿ, ಬೆನ್ನಿಗೆ ಬ್ಯಾಗು ಹಾಕಿಕೊಂಡು ಆಫೀಸಿಗೆ ಹೋಗುತ್ತೇನೆ. ಇಳಿಯುವ ಹೊತ್ತಿಗೆ ಕಂಕುಳಲ್ಲೂ ಬೆನ್ನಲ್ಲೂ ದೊಡ್ಡ ಒದ್ದೆ ಕಲೆ. ನನ್ನ ಹತ್ತಿರ ಇರುವುದು ಪ್ಲೇನ್ ಆಕಾಶನೀಲಿ, ತೆಳು ಬೂದು, ಬಿಳಿ ಮತ್ತು ಸಣ್ಣ ಗೆರೆಯ ನೀಲಿ ಶರ್ಟುಗಳು, ಎಲ್ಲವೂ ಕಾಟನ್. ಗೆರೆ ಇದ್ದರೆ ಕಲೆ ಕಾಣುವುದಿಲ್ಲ ಎಂದು ಹೇಳಿದ್ದರು. ಅದರಲ್ಲೂ ಚೆನ್ನಾಗಿಯೇ ಕಾಣುತ್ತದೆ. ಎಂಥ ಬಣ್ಣ, ಎಂಥ ಡಿಸೈನ್, ಎಂಥ ಬಟ್ಟೆ ತೆಗೆದುಕೊಳ್ಳಲಿ?” — ಓದುಗರೊಬ್ಬರು

ಸಂಪಾದಕರ ಉತ್ತರ:

ನಿಮ್ಮ ಗೆರೆಯ ಅಂಗಿ ಯಾಕೆ ಕೈಕೊಟ್ಟಿತು ಎಂಬುದು ತಿಳಿದರೆ ಉಳಿದದ್ದು ಸುಲಭ. ಅದಕ್ಕೆ ಮೊದಲು, ಒದ್ದೆಯಾದ ಬಟ್ಟೆ ಕಪ್ಪಾಗಿ ಕಾಣುವುದೇಕೆ ಎಂದು ನೋಡೋಣ.

ಒಣ ಬಟ್ಟೆಯಲ್ಲಿ ನಾರುಗಳ ನಡುವೆ ಗಾಳಿ ತುಂಬಿರುತ್ತದೆ. ಬೆಳಕು ಗಾಳಿಯಿಂದ ನಾರಿಗೆ, ನಾರಿನಿಂದ ಗಾಳಿಗೆ ದಾಟುವಾಗಲೆಲ್ಲ ಚದುರಿ, ಬಹುಪಾಲು ನಮ್ಮ ಕಣ್ಣಿಗೆ ಹಿಂತಿರುಗುತ್ತದೆ. ಒಂದು ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ ವಕ್ರೀಭವನ ಸೂಚ್ಯಂಕ. ಗಾಳಿಯದು 1, ಹತ್ತಿಯದು ಸುಮಾರು 1.55, ಅಂತರ ದೊಡ್ಡದಾದ್ದರಿಂದ ಚದುರುವಿಕೆಯೂ ಹೆಚ್ಚು. ಬೆವರು ಆ ಸಂದುಗಳಿಗೆ ಇಳಿದಾಗ ಗಾಳಿಯ ಜಾಗಕ್ಕೆ ನೀರು ಬರುತ್ತದೆ. ನೀರಿನ ಸೂಚ್ಯಂಕ 1.33, ಹತ್ತಿಗೆ ಹತ್ತಿರ. ಹಾಗಾಗಿ ಬೆಳಕು ಕಡಿಮೆ ಚದುರಿ, ಬಟ್ಟೆಯೊಳಗೆ ಹೆಚ್ಚು ಆಳಕ್ಕೆ ಹೋಗಿ, ಅಲ್ಲಿರುವ ಬಣ್ಣಕ್ಕೆ ಸಿಕ್ಕಿ ಇಂಗಿಬಿಡುತ್ತದೆ.

ಕಡು ನೀಲಿ, ಕಪ್ಪಿನಂಥ ಬಣ್ಣಗಳು ಒಣಗಿದ್ದಾಗಲೇ ಬೆಳಕನ್ನು ನುಂಗುತ್ತಿರುತ್ತವೆ. ಒದ್ದೆಯಾದರೂ ಹೆಚ್ಚು ನುಂಗಲು ಉಳಿದಿರುವುದು ಕಡಿಮೆ. ಬಿಳಿಯಲ್ಲಿ ಬಣ್ಣವೇ ಇಲ್ಲ, ಆದ್ದರಿಂದ ಅದು ಅಷ್ಟಾಗಿ ಕಪ್ಪಾಗುವುದಿಲ್ಲ. ಅದರ ತೊಂದರೆ ಬೇರೆ, ಒಳಗಿನ ಮೈ ಕಾಣಿಸುತ್ತದೆ. ನಿಜವಾಗಿ ಮೋಸ ಮಾಡುವುದು ನಡುವಿನ ಬಣ್ಣಗಳು: ಆಕಾಶನೀಲಿ, ತೆಳು ಬೂದು, ಖಾಕಿ, ಪಿಸ್ತಾ, ತಿಳಿ ಗುಲಾಬಿ. ನೋಡುವವರ ಕಣ್ಣು ಹಿಡಿಯುವುದು ಒಣ ಭಾಗಕ್ಕೂ ಒದ್ದೆ ಭಾಗಕ್ಕೂ ನಡುವಿನ ಅಂಚನ್ನು, ಮತ್ತು ಆ ಅಂಚು ಇವುಗಳಲ್ಲಿ ಎದ್ದು ಕಾಣುವಷ್ಟು ಇನ್ನೆಲ್ಲೂ ಕಾಣುವುದಿಲ್ಲ. ಮೆಲಾಂಜ್ ಬೂದು, ಅಂದರೆ ಕಪ್ಪು ಬಿಳಿ ನಾರು ಬೆರೆತ ಬೂದು, ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು.

ಇನ್ನು ಗೆರೆ. ಒಂದು ಮಿಲಿಮೀಟರಿಗಿಂತ ಸಪೂರವಾದ ನೀಲಿ ಬಿಳಿ ಗೆರೆಗಳು ಕೈಯಲ್ಲಿ ಹಿಡಿದಾಗ ಬಿಡಿಬಿಡಿಯಾಗಿ ಕಾಣುತ್ತವೆ. ಎರಡು ಮೂರು ಮೀಟರ್ ದೂರದಲ್ಲಿ ನಿಂತವರಿಗೆ ಅವೆರಡೂ ಬೆರೆತು ಒಂದೇ ತಿಳಿನೀಲಿ. ಅಂದರೆ ನೀವು ಕೊಂಡದ್ದು ಗೆರೆಯ ಅಂಗಿ, ಎದುರಿನವರು ನೋಡುತ್ತಿರುವುದು ಪ್ಲೇನ್ ಆಕಾಶನೀಲಿ ಅಂಗಿ. ಉದ್ದದ ಎಳೆಗೆ ಒಂದು ಬಣ್ಣ, ಅಡ್ಡ ಎಳೆಗೆ ಬಿಳಿ ಹಾಕಿ ನೇಯ್ದ ಶಾಂಬ್ರೆ ಬಟ್ಟೆಯ ಪಾಡೂ ಇದೇ.

ಹಾಗಾದರೆ ಡಿಸೈನ್ ಹೇಗಿರಬೇಕು? ಮಾತಾಡುವ ದೂರದಿಂದಲೂ ಬಿಡಿಯಾಗಿ ಕಾಣುವಷ್ಟು ದೊಡ್ಡದಿರಬೇಕು, ಒದ್ದೆ ಕಲೆಗಿಂತ ಬಹಳ ಚಿಕ್ಕದಿರಬೇಕು. ಅರ್ಧ ಸೆಂಟಿಮೀಟರಿನಿಂದ ಎರಡು ಸೆಂಟಿಮೀಟರಿನೊಳಗಿನ ಚೌಕಳಿ, ಎಲೆ, ಹೂವು ಇದಕ್ಕೆ ಒಪ್ಪುತ್ತವೆ. ಅದಕ್ಕಿಂತ ಮುಖ್ಯವಾದದ್ದು, ಡಿಸೈನಿನಲ್ಲಿರುವ ಬಣ್ಣಗಳೇ ಒದ್ದೆಯಾದಾಗ ಬದಲಾಗದಂಥವಾಗಿರಬೇಕು. ಬಿಳಿಯ ಮೇಲೆ ಕಡು ನೀಲಿ ಚೌಕಳಿ ಚೆನ್ನ. ತಿಳಿನೀಲಿಯ ಮೇಲೆ ನಡುನೀಲಿ ಚೌಕಳಿಯಲ್ಲಿ ಎರಡೂ ಒಟ್ಟಿಗೆ ಕಪ್ಪಾಗಿ ಕಲೆ ಹಾಗೇ ಉಳಿಯುತ್ತದೆ. ದೂರ ದೂರಕ್ಕೆ ಒಂದೊಂದು ಬುಟ್ಟಾ ಇರುವ ಪ್ರಿಂಟೂ ಬೇಡ, ನಡುವಿನ ಖಾಲಿ ಜಾಗ ಪ್ಲೇನ್ ಬಟ್ಟೆಯಂತೆಯೇ ವರ್ತಿಸುತ್ತದೆ. ಅಚ್ಚುಕಟ್ಟಾದ ಚೌಕಳಿಗಿಂತ ಅಡ್ಡಾದಿಡ್ಡಿ ಎಲೆಬಳ್ಳಿ ಪ್ರಿಂಟು ಅಂಚನ್ನು ಇನ್ನೂ ಚೆನ್ನಾಗಿ ಒಡೆಯುತ್ತದೆ. ಆದರೆ ಅದು ಎಲ್ಲ ಆಫೀಸಿಗೂ ಹೊಂದುವುದಿಲ್ಲ, ಅದು ನಿಮಗೆ ಬಿಟ್ಟದ್ದು.

ಅಂಗಡಿಯ ಮಾತು, ನಮ್ಮ ಮಾತು ಎರಡನ್ನೂ ನಂಬುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅಂಗಿಯ ಹಿಂಭಾಗದ ಕೆಳಗೆ, ಪ್ಯಾಂಟಿನೊಳಗೆ ಹೋಗುವ ತುದಿಯಲ್ಲಿ, ಒಳಗಿನಿಂದ ಅರ್ಧ ಟೀ ಚಮಚ ನೀರು ಹಾಕಿ. ಒಂದು ನಿಮಿಷ ಬಿಟ್ಟು, ಹಗಲು ಬೆಳಕಿಗೆ ತೂಗುಹಾಕಿ, ಎರಡು ಮೀಟರ್ ಹಿಂದೆ ಸರಿದು ನೋಡಿ. ಕಣ್ಣು ಅರ್ಧ ಮುಚ್ಚಿ ನೋಡಿದಾಗಲೂ ಅಂಚು ಗೊತ್ತಾದರೆ ಆ ಅಂಗಿ ಬೇಸಿಗೆಗಲ್ಲ. ನಿಮ್ಮ ಆಕಾಶನೀಲಿಯೂ ಬೂದೂ ಇಲ್ಲಿ ತಕ್ಷಣ ಸಿಕ್ಕಿಬೀಳುತ್ತವೆ. ಗೆರೆಯದು ಹತ್ತಿರದಲ್ಲಿ ಪಾಸು, ಹಿಂದೆ ಸರಿದಂತೆ ಫೇಲು. ಬಿಳಿಯದಕ್ಕೆ ಹಿಂದೆ ಅಂಗೈ ಇಟ್ಟು ನೋಡಿ. ಒದ್ದೆ ಜಾಗದಲ್ಲಿ ಮಾತ್ರ ಕೈಬಣ್ಣ ಇಣುಕಿದರೆ ಬಟ್ಟೆ ತೀರಾ ತೆಳುವಾಗಿದೆ ಎಂದರ್ಥ. ಅಂಗಡಿಯಲ್ಲಿ ನೀರು ಚೆಲ್ಲಲಾಗುವುದಿಲ್ಲವಲ್ಲ. ಅಲ್ಲಿ ಕನಿಷ್ಠ ಟ್ಯೂಬ್‌ಲೈಟಿನಿಂದ ಆಚೆ ತಂದು ದೂರ ಹಿಡಿದು, ಡಿಸೈನ್ ಬಿಡಿಯಾಗಿ ಕಾಣುತ್ತದೆಯೋ ಬೆರೆತುಹೋಗುತ್ತದೆಯೋ ನೋಡಿ.

ಬಟ್ಟೆಯ ವಿಷಯ ಬಣ್ಣದಷ್ಟು ನೇರವಲ್ಲ. ಹತ್ತಿ ನೀರನ್ನು ನಾರಿನೊಳಗೇ ಎಳೆದುಕೊಂಡು ಹಿಡಿದಿಡುತ್ತದೆ, ಬೇಗ ಬಿಡುವುದಿಲ್ಲ. ಅದಕ್ಕೇ ಮೈಗೆ ಹಿತ, ಕಣ್ಣಿಗೆ ಕಲೆ. ಪಾಲಿಯೆಸ್ಟರ್ ನಾರು ನೀರನ್ನು ಬಹುಮಟ್ಟಿಗೆ ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಬೆವರು ಎಳೆಗಳ ಸಂದಿನಲ್ಲಿ ಹರಡಿ ಬೇಗ ಆರುತ್ತದೆ. ಬೆವರು ಹರಡಲೆಂದೇ ಮಾಡಿದ ಹೆಣಿಗೆ ಬಟ್ಟೆಯಲ್ಲಿ ಕಲೆ ಅಗಲವಾಗುತ್ತದೆ, ಆದರೆ ಅಂಚು ಮಸುಕು. ಒತ್ತೊತ್ತಾಗಿ ನೇಯ್ದ ಮಾಮೂಲಿ ಪಾಲಿಯೆಸ್ಟರ್ ಶರ್ಟಿನಿಂದ ಈ ಲಾಭವನ್ನು ನಿರೀಕ್ಷಿಸಬೇಡಿ. ಗಾಳಿಯಾಡದೆ ಮೈ ಇನ್ನಷ್ಟು ಬೆವರುತ್ತದೆ, ವಾಸನೆಯೂ ಉಳಿಯುತ್ತದೆ. ಲಿನನ್ನಿನಲ್ಲೂ ಕಲೆ ಮೂಡುತ್ತದೆ, ಆದರೆ ಸಡಿಲ ನೇಯ್ಗೆಯಾದರೆ ಬೇಗ ಆರುತ್ತದೆ. ವಿಸ್ಕೋಸ್ ತಣ್ಣಗಿರುತ್ತದೆಂದು ಮಾರುತ್ತಾರೆ. ಹತ್ತಿಗಿಂತ ಹೆಚ್ಚು ನೀರು ಕುಡಿದು ಮೈಗೆ ಅಂಟಿಕೊಳ್ಳುತ್ತದೆ. ನಿಮ್ಮ ಪ್ರಯಾಣಕ್ಕೆ ಯೋಚಿಸಬಹುದಾದದ್ದು ಸೀರ್‌ಸಕರ್. ಅದರ ಸುಕ್ಕಿನ ಏರಿಳಿತದಿಂದ ಬಟ್ಟೆ ಮೈಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನಡುವೆ ಗಾಳಿ ಆಡುತ್ತದೆ. ಅದರಲ್ಲೂ ಕಡು ನೀಲಿ ಬಿಳಿ ಪಟ್ಟೆಯದನ್ನೇ ಆರಿಸಿ. ಯಾವ ಬಟ್ಟೆಯಾದರೂ ಕಂಕುಳ ಹತ್ತಿರ ಬಿಗಿ ಇದ್ದರೆ ಪ್ರಯೋಜನವಿಲ್ಲ, ಒತ್ತಿಕೊಂಡ ಕಡೆ ಬೆವರು ನೇರವಾಗಿ ಬಟ್ಟೆಗೆ ಇಳಿಯುತ್ತದೆ.

ಪ್ಲೇನ್ ಅಂಗಿಯೇ ಬೇಕೆಂದಾದರೆ ಕಡು ನೀಲಿ ತೆಗೆದುಕೊಳ್ಳಿ, ಒಂದು ಎಚ್ಚರಿಕೆಯೊಂದಿಗೆ. ಬೆವರು ಆರಿದ ಮೇಲೆ ಅದರ ಉಪ್ಪು ಕಲೆಯ ಅಂಚಿಗೆ ಬಂದು ಕೂರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೆನ್ನ ಮೇಲೆ ಬಿಳಿ ವಕ್ರಗೆರೆ ಮೂಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಬಿಸಿಲಲ್ಲಿ ನಡೆಯುವುದು ಜಾಸ್ತಿ ಇದ್ದರೆ ಕಡು ಬಣ್ಣ ಕಾಯುತ್ತದೆ ಎಂಬುದೂ ನೆನಪಿರಲಿ, ಅಂಥವರಿಗೆ ಬಿಳಿ ನೆಲದ ಚೌಕಳಿಯೇ ವಾಸಿ.

ಬಿಳಿ ಅಂಗಿಯನ್ನು ಬಿಸಾಡಬೇಡಿ. ಅದರೊಳಗೆ ಅರ್ಧತೋಳಿನ ಬನಿಯನ್ ಹಾಕಿ. ತೋಳಿಲ್ಲದ ಬನಿಯನ್ ಕಂಕುಳನ್ನು ಮುಚ್ಚುವುದೇ ಇಲ್ಲ. ಬಿಳಿ ಬನಿಯನ್ನಿನ ಅಂಚು ಅಂಗಿಯ ಮೇಲೆ ಗೆರೆಯಾಗಿ ಕಾಣುವುದರಿಂದ ಮೈಬಣ್ಣಕ್ಕೆ ಹತ್ತಿರದ್ದನ್ನು ಹುಡುಕಿ. ಮೊದಲ ಬೆವರನ್ನು ಅದು ಹಿಡಿದುಕೊಳ್ಳುತ್ತದೆ, ಅಂಗಿಗೆ ತಲುಪುವುದು ತಡವಾಗುತ್ತದೆ. ಇವನ್ನು ಒಗೆಯುವಾಗ ಬಟ್ಟೆ ಮೆದುವಾಗಿಸುವ ದ್ರವ ಹಾಕಬೇಡಿ, ಅದು ನಾರಿನ ಮೇಲೆ ಪೊರೆಯಾಗಿ ಕೂತು ನೀರು ಹೀರುವುದನ್ನು ಕಡಿಮೆ ಮಾಡುತ್ತದೆ.

ಬೆನ್ನಿನ ಕಲೆಗೆ ಮಾತ್ರ ಯಾವ ಬಣ್ಣವೂ ಪೂರ್ತಿ ಉತ್ತರವಲ್ಲ. ಬ್ಯಾಗು ಒತ್ತಿರುವಷ್ಟು ಹೊತ್ತೂ ಅಲ್ಲಿ ಬೆವರು ಆರಲು ದಾರಿಯಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೋ ಕಾಲಬಳಿಯೋ ಇಟ್ಟುಕೊಳ್ಳಿ, ನಿಂತಿದ್ದರೆ ಕೈಯಲ್ಲಿ ಹಿಡಿಯಿರಿ.