ಕಿವಿಗೆ ಇಯರ್‌ಪ್ಲಗ್ ಬೇಡ, ಸುಮ್ಮನೆ ತಲೆಯಾಡಿಸುವ ರೋಗಿ ಬೇಕು

ಪ್ರಶ್ನೆ: ಕಿವಿ ಕೇಳಿಸದ, ಮಾತು ಬಾರದ ರೋಗಿಗಳ ಜೊತೆ ಹೇಗೆ ಮಾತಾಡಬೇಕು ಅಂತ ನರ್ಸಿಂಗ್ ವಿದ್ಯಾರ್ಥಿಗಳಿಗೆ ಎರಡು ಗಂಟೆಯ ಪಾಠ ಮಾಡಬೇಕಿದೆ. ಇಯರ್‌ಪ್ಲಗ್ ಹಾಕಿಸಿ ರೋಲ್‌ಪ್ಲೇ ಮಾಡಿಸೋಣ, ಜೊತೆಗೆ ಇಪ್ಪತ್ತು ಸನ್ನೆ ಕಲಿಸೋಣ ಅಂದುಕೊಂಡಿದ್ದೇನೆ. ಯಾವ ಸನ್ನಿವೇಶಗಳನ್ನು ಇಟ್ಟರೆ ಒಳ್ಳೆಯದು?

ಉತ್ತರ:

ನಾನೂ ಇಯರ್‌ಪ್ಲಗ್ ಹಂಚಿದವಳೇ. ತರಗತಿಯಲ್ಲಿ ನಗು, ಗದ್ದಲ ಎಲ್ಲಾ ಇತ್ತು. ಕೊನೆಗೆ ಫೀಡ್‌ಬ್ಯಾಕ್ ಹಾಳೆಯಲ್ಲಿ ಎಲ್ಲರೂ ತುಂಬಾ ಉಪಯೋಗ ಆಯ್ತು ಅಂತ ಬರೆದಿದ್ದರು. ಅದನ್ನು ನಂಬಿಕೊಂಡು ವಿದ್ಯಾರ್ಥಿಗಳನ್ನು ವಾರ್ಡ್‌ಗೆ ಕಳಿಸಿದೆ.

ಅಲ್ಲಿ ಒಬ್ಬರು ವಯಸ್ಸಾದ ಅಮ್ಮ ಇದ್ದರು. ರುಮಟಾಯ್ಡ್ ಸಂಧಿವಾತ, ಕಿವಿಯೂ ಮಂದ. ಅವರನ್ನು ಮನೆಗೆ ಕಳಿಸುವಾಗ ಮೆಥೊಟ್ರೆಕ್ಸೇಟ್ ಬರೆದುಕೊಟ್ಟಿದ್ದರು. ಈ ಕಾಯಿಲೆಗೆ ಆ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ತಗೋಬೇಕು. ದಿನಾ ತಗೊಂಡರೆ ಬಾಯಿ ಹುಣ್ಣಾಗುತ್ತದೆ, ರಕ್ತಕಣಗಳು ಕುಸಿಯುತ್ತವೆ, ಪ್ರಾಣಕ್ಕೂ ಅಪಾಯ. ನನ್ನ ವಿದ್ಯಾರ್ಥಿನಿ ಮಂಚದ ಪಕ್ಕ ನಿಂತು, ಮಾಸ್ಕ್ ಹಾಕಿಕೊಂಡೇ, ಜೋರಾಗಿ ಹೇಳಿದಳು: "ಅಮ್ಮಾ, ಇದನ್ನ ಸೋಮವಾರ ಮಾತ್ರ ತಗೋಬೇಕು, ರಾತ್ರಿ ಊಟ ಆದ್ಮೇಲೆ. ಅರ್ಥ ಆಯ್ತಾ?" ಅವರು ತಲೆಯಾಡಿಸಿದರು. ಇನ್ನೊಂದು ಸಲ ಕೇಳಿದಳು. ಮತ್ತೆ ತಲೆಯಾಡಿಸಿ ನಕ್ಕರು. 'ವಿವರಿಸಲಾಗಿದೆ, ರೋಗಿಗೆ ಅರ್ಥವಾಗಿದೆ' ಅಂತ ಬರೆದು ಅವಳು ಸಹಿ ಹಾಕಿದಳು.

ಮುಂದಿನ ವಾರವೇ ಅವರು ವಾಪಸ್ ಬಂದರು. ಬಾಯಿ ತುಂಬಾ ಹುಣ್ಣು, ಜ್ವರ, ಬಿಳಿ ರಕ್ತಕಣ ತುಂಬಾ ಇಳಿದಿತ್ತು. ದಿನಾ ರಾತ್ರಿ ಊಟ ಆದ ಮೇಲೆ ತಪ್ಪದೆ ತಗೊಂಡಿದ್ದರು. ಫೋಲಿನಿಕ್ ಆಸಿಡ್ ಕೊಟ್ಟು, ವಾರ್ಡ್‌ನಲ್ಲಿ ಇಟ್ಟುಕೊಂಡು ನೋಡಿಕೊಂಡ ಮೇಲೆ ಚೇತರಿಸಿಕೊಂಡರು. ಆಮೇಲೆ ಕಾಗದದ ಮೇಲೆ ಬರೆದು ಕೇಳಿದಾಗ ಗೊತ್ತಾಯಿತು. ಅವರ ಕಿವಿಗೆ ಬಿದ್ದದ್ದು 'ಮಾತ್ರೆ', 'ರಾತ್ರಿ', 'ಊಟ', ಅಷ್ಟೇ. 'ಸೋಮವಾರ ಮಾತ್ರ' ಅನ್ನುವಲ್ಲಿನ 'ಮಾತ್ರ' ಅವರಿಗೆ 'ಮಾತ್ರೆ' ಅಂತ ಕೇಳಿಸಿತ್ತು. ಮಾತ್ರೆ ಕೈಯಲ್ಲಿ ಹಿಡಿದವರಿಗೆ ಹಾಗೆ ಕೇಳಿಸುವುದು ಸಹಜ ಅಲ್ವಾ? ಅವರ ಹಿಯರಿಂಗ್ ಏಡ್ ಅಡ್ಮಿಟ್ ಆದ ದಿನದಿಂದ ಮಂಚದ ಪಕ್ಕದ ಡ್ರಾಯರ್‌ನಲ್ಲಿತ್ತು.

ಆ ಹುಡುಗಿಯ ಮೇಲೆ ಎಲ್ಲರೂ ಹರಿಹಾಯ್ದರು. ಆದರೆ ಅವಳು ನಾನು ಕಲಿಸಿದ್ದನ್ನು ಅಕ್ಷರಶಃ ಮಾಡಿದ್ದಳು. ನನ್ನ ಚೆಕ್‌ಲಿಸ್ಟಿನ ಕೊನೇ ಸಾಲು ಹೀಗಿತ್ತು: 'ರೋಗಿಗೆ ಅರ್ಥವಾಯಿತೇ ಎಂದು ಕೇಳಿದರು'. ಕೇಳಿದರೆ ಒಂದು ಅಂಕ. ಉತ್ತರ ನಿಜವೋ ಸುಳ್ಳೋ ಅಂತ ನೋಡುವ ಸಾಲು ಎಲ್ಲೂ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವು ಹಾಕಿಕೊಂಡಿರುವ ಯೋಜನೆಯಲ್ಲೂ ಇದೇ ಕುಳಿತಿದೆ. ನನ್ನ ರೋಲ್‌ಪ್ಲೇನಲ್ಲಿ ರೋಗಿ ಆಗಿದ್ದವರು ಕಿವಿ ಚೆನ್ನಾಗಿರುವ ವಿದ್ಯಾರ್ಥಿಗಳು. ಇಯರ್‌ಪ್ಲಗ್ ಇದ್ದರೂ ಅವರಿಗೆ ಮುಕ್ಕಾಲು ಭಾಗ ಕೇಳಿಸುತ್ತಿತ್ತು. ಉಳಿದದ್ದು ಮೊದಲೇ ಗೊತ್ತಿತ್ತು, ಸ್ಕ್ರಿಪ್ಟ್ ಅವರೂ ಓದಿದ್ದರಲ್ಲ. ಹಾಗಾಗಿ ಅವರು ತಲೆಯಾಡಿಸಿದಾಗಲೆಲ್ಲ ನಿಜವಾಗಿಯೂ ಅರ್ಥವಾಗಿತ್ತು. ತಲೆಯಾಡಿಸಿದರೆ ಕೆಲಸ ಮುಗೀತು ಅನ್ನುವುದನ್ನು ತರಗತಿಗೆ ನಾನೇ ಪದೇ ಪದೇ ಅಭ್ಯಾಸ ಮಾಡಿಸಿದಂತಾಯಿತು. ನಿಜವಾದ ರೋಗಿ ತಲೆಯಾಡಿಸುವುದಕ್ಕೆ ಬೇರೆಯೇ ಕಾರಣ ಇರುತ್ತದೆ. ಮೂರನೇ ಸಲ 'ಏನು?' ಅಂತ ಕೇಳೋಕೆ ಸಂಕೋಚ. ಎದುರಿಗಿರುವವರು ಅವಸರದಲ್ಲಿದ್ದಾರೆ ಅನ್ನುವುದು ಮುಖದಲ್ಲೇ ಕಾಣುತ್ತದೆ. ದಡ್ಡರು ಅಂದುಕೊಂಡಾರು ಅನ್ನುವ ಭಯ. ಕೇಳಿಸದಿದ್ದಾಗ ತಲೆಯಾಡಿಸಿ ನಗುವುದು ಎಷ್ಟೋ ಜನರಿಗೆ ವರ್ಷಗಳ ಅಭ್ಯಾಸ.

ಇಯರ್‌ಪ್ಲಗ್ ಇನ್ನೊಂದು ಕೆಟ್ಟ ಪಾಠವನ್ನೂ ಕಲಿಸುತ್ತದೆ. ಸರಿಯಾಗಿ ಹಾಕಿದ ಸ್ಪಂಜಿನ ಪ್ಲಗ್ ಸದ್ದನ್ನು ಸುಮಾರು 20ರಿಂದ 30 ಡೆಸಿಬೆಲ್ ತಗ್ಗಿಸುತ್ತದೆ ಅಷ್ಟೇ. ಜೋರಾಗಿ ಕೂಗಿದರೆ ಕೇಳಿಸಿಬಿಡುತ್ತದೆ. ಆದ್ದರಿಂದ ಕೂಗುವುದೇ ಮದ್ದು ಅಂತ ವಿದ್ಯಾರ್ಥಿ ಕಲಿಯುತ್ತಾನೆ. ವಯಸ್ಸಿನಿಂದ ಬರುವ ಕಿವುಡು ಹಾಗಲ್ಲ. ಅದರಲ್ಲಿ ಮೊದಲು ಹೋಗುವುದು ಹೆಚ್ಚು ಕಂಪನದ ಚೂಪು ದನಿಗಳು. ಸ್ವರಗಳು ಕೇಳಿಸುತ್ತವೆ, ಸ, ಶ, ತ, ಕ ತರಹದ ವ್ಯಂಜನಗಳು ಜಾರಿಹೋಗುತ್ತವೆ. 'ಕೇಳಿಸುತ್ತೆ, ಆದರೆ ಏನಂತ ಗೊತ್ತಾಗಲ್ಲ' ಅಂತ ಅವರು ಹೇಳುವುದು ಇದಕ್ಕೇ. ಕೂಗಿದಾಗ ಸ್ವರ ಮಾತ್ರ ದಪ್ಪ ಆಗುತ್ತದೆ, ತುಟಿಯ ಆಕಾರ ಕೆಡುತ್ತದೆ. ಎಷ್ಟೋ ಜನರಿಗೆ ಆ ಜೋರು ದನಿ ಕಿವಿಗೆ ಹೊಡೆದಂತೆಯೂ ಆಗುತ್ತದೆ. ಮಾಸ್ಕ್ ಇದ್ದರೆ ತುಟಿಯೂ ಕಾಣದು, ಇದ್ದಬದ್ದ ಚೂಪು ದನಿಯೂ ಮಂಕಾಗುತ್ತದೆ.

ಈಗ ನಾನು ಮಾಡಿಸುವುದು ಹೀಗೆ. ಮೂರು ಮೂರು ಜನರ ಗುಂಪು: ನರ್ಸ್, ರೋಗಿ, ನೋಡುವವರು. ಔಷಧದ ವಿವರ ಇರುವ ಚೀಟಿ ನರ್ಸ್ ಕೈಯಲ್ಲಿ ಮಾತ್ರ. ರೋಗಿಗೆ ಅದು ಏನೂ ಗೊತ್ತಿರಬಾರದು. ರೋಗಿಯ ಕಿವಿಗೆ ಹೆಡ್‌ಫೋನ್, ಅದರಲ್ಲಿ ಹತ್ತಾರು ಜನ ಒಟ್ಟಿಗೆ ಮಾತಾಡುವ ರೆಕಾರ್ಡಿಂಗ್. ಎದುರು ಕೂತು ಸಾಮಾನ್ಯ ದನಿಯಲ್ಲಿ ಮಾತಾಡಿದರೆ ಅರ್ಧದಷ್ಟು ಹಿಡಿಯಬಹುದು, ಅಷ್ಟು ಮಟ್ಟಕ್ಕೆ ಸದ್ದು ಇಡಿ. ಅದಕ್ಕಿಂತ ಜಾಸ್ತಿ ಬೇಡ, ಕಿವಿ ನೋಯಿಸುವುದು ನಮ್ಮ ಉದ್ದೇಶ ಅಲ್ಲ. ಇದೂ ನಿಜವಾದ ಕಿವುಡಿನ ಹಾಗಲ್ಲ. ಆದರೆ ಮಾತು ತುಂಡುತುಂಡಾಗಿ ಕೇಳಿಸುವುದು ಏನು ಅಂತ ಗೊತ್ತಾಗುತ್ತದೆ.

ರೋಗಿಗೆ ಒಂದು ಗುಟ್ಟಿನ ಚೀಟಿ: 'ಅರ್ಥ ಆಗದಿದ್ದರೂ ತಲೆಯಾಡಿಸಿ, ನಗಿ. ಮೇಜಿನ ಮೇಲಿನ ಡಬ್ಬಿಯಲ್ಲಿ ನಿಮ್ಮ ಹಿಯರಿಂಗ್ ಏಡ್ ಇದೆ. ಯಾರಾದರೂ ಕೇಳಿದರೆ ಮಾತ್ರ ಹೇಳಿ.' ಕೇಳಿದರೆ ಹೆಡ್‌ಫೋನಿನ ಸದ್ದು ಸ್ವಲ್ಪ ತಗ್ಗಿಸುತ್ತೇವೆ. ಮೊದಲ ಸುತ್ತಿನಲ್ಲಿ ಆ ಡಬ್ಬಿಯ ಬಗ್ಗೆ ಕೇಳುವವರು ಅಪರೂಪ.

ಮಾತು ಮುಗಿದ ಮೇಲೆ ರೋಗಿ ಹೊರಗೆ ಹೋಗಬೇಕು. ಸೋಮವಾರದಿಂದ ಭಾನುವಾರದ ತನಕ ಏಳು ಚೌಕ ಇರುವ ಹಾಳೆಯಲ್ಲಿ, ಯಾವ ಯಾವ ದಿನ ಮಾತ್ರೆ ತಗೋತೀನಿ ಅಂತ ಗುರುತು ಹಾಕಬೇಕು. ಆ ಹಾಳೆಯನ್ನು ನರ್ಸಿನ ಚೀಟಿಯ ಪಕ್ಕ ಇಡಿ. ಎರಡೂ ಹೊಂದಿದರೆ ಪಾಸು, ಇಲ್ಲದಿದ್ದರೆ ಫೇಲು. ವಿನಯ, ನಗುಮುಖ, ಕಣ್ಣಲ್ಲಿ ಕಣ್ಣಿಟ್ಟು ನೋಡಿದರು ಅಂತೆಲ್ಲ ಅಂಕ ಕೊಡಬೇಡಿ. ಏಳೂ ಚೌಕದಲ್ಲಿ ಗುರುತು ಇರುವ ಹಾಳೆ ಕಂಡಾಗ ತರಗತಿ ತಾನಾಗಿ ಸುಮ್ಮನಾಗುತ್ತದೆ.

ಎರಡನೇ ಸುತ್ತಿಗೆ ಮುಂಚೆ ಕಲಿಸಬೇಕಾದದ್ದು ಜಾಸ್ತಿ ಏನಿಲ್ಲ. ಹಿಯರಿಂಗ್ ಏಡ್ ಇದೆಯಾ ಅಂತ ಕೇಳಿ. ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ಎದುರು ಕೂತುಕೊಳ್ಳಿ. ಮಾಸ್ಕ್ ತೆಗೆಯಬಹುದಾದ ಜಾಗವಾದರೆ ತೆಗೆಯಿರಿ, ಆಗದಿದ್ದರೆ ಬರೆದು ತೋರಿಸಿ. ಕೇಳಿಸದ ಮಾತನ್ನು ಅದೇ ಪದಗಳಲ್ಲಿ ಕೂಗಿ ಹೇಳಬೇಡಿ, ವಾಕ್ಯವನ್ನೇ ಬದಲಿಸಿ: 'ಸೋಮವಾರ ತಗೊಳ್ಳಿ. ಉಳಿದ ಆರು ದಿನ ಬೇಡ.' ಕೊನೆಗೆ 'ಅರ್ಥ ಆಯ್ತಾ' ಅನ್ನುವ ಪ್ರಶ್ನೆ ಪೂರ್ತಿ ನಿಷೇಧ. ಅದರ ಬದಲು: 'ನಾನು ಸರಿಯಾಗಿ ಹೇಳಿದ್ದೀನಾ ನೋಡಬೇಕು. ಮನೆಗೆ ಹೋದ ಮೇಲೆ ಇದನ್ನ ಯಾವ ದಿನ ತಗೋತೀರಿ?' ತಲೆಯಾಡಿಸಿ ಉತ್ತರ ಕೊಡಲು ಆಗದ ಪ್ರಶ್ನೆ ಇದು.

ಮಾತಿನ ತೊಂದರೆಗೆ ನಾನು ಇಡುವ ಸನ್ನಿವೇಶ ಒಂದೇ. ಅದರಲ್ಲಿ ಸುಳ್ಳೇ ತಲೆಯಾಡಿಸುವವರು ನರ್ಸ್! ರೋಗಿಗೆ ಪಾರ್ಶ್ವವಾಯು ಆಗಿ ಅಫೇಸಿಯಾ ಬಂದಿದೆ, ಅಂದರೆ ಪದಗಳೇ ಸಿಗುತ್ತಿಲ್ಲ. ಅವರ ಚೀಟಿಯಲ್ಲಿ ಹೀಗಿರುತ್ತದೆ: 'ಬಲಗಾಲಿನ ಮೀನಖಂಡ ನೋಯುತ್ತಿದೆ. ನಿಮಗೆ ಬರುವುದು "ಹೂಂ", "ಅದು", ಎರಡೇ. ಏನು ಕೇಳಿದರೂ ಹೂಂ ಅನ್ನಿ.' ನರ್ಸ್ ಆದವರು 'ನೀರು ಬೇಕಾ?' ಅನ್ನುತ್ತಾರೆ, ಹೂಂ ಬರುತ್ತದೆ, ನೀರು ಕೊಟ್ಟು ಮುಗಿಸಿಬಿಡುತ್ತಾರೆ. ಮಂಚ ಹಿಡಿದ ರೋಗಿಯ ಕಾಲಿನ ಆ ನೋವು ರಕ್ತ ಹೆಪ್ಪುಗಟ್ಟಿದ್ದರ ಸೂಚನೆ ಇರಬಹುದು. ಅದು ಅಲ್ಲೇ ಉಳಿಯುತ್ತದೆ.

ಇಲ್ಲಿ ಮೊದಲು ಆ ಹೂಂ ಅನ್ನು ಪರೀಕ್ಷಿಸಬೇಕು. ಉತ್ತರ ಇಲ್ಲ ಅಂತ ಖಚಿತವಾಗಿ ಗೊತ್ತಿರುವ ಪ್ರಶ್ನೆ ಕೇಳಿ: 'ನಾವೀಗ ಬಸ್ಸಿನಲ್ಲಿದ್ದೀವಾ?' ಅದಕ್ಕೂ ಹೂಂ ಬಂದರೆ ಹಿಂದಿನ ಹೂಂಗಳನ್ನೆಲ್ಲ ಬದಿಗಿಡಿ. 'ನೋವಿಲ್ವಾ?' ಅಂತ ಪರೀಕ್ಷೆ ಮಾಡಲು ಹೋಗಬೇಡಿ. ಅದಕ್ಕೆ ಹೂಂ ಅಂದರೆ ಇದೆ ಅಂತಲೋ ಇಲ್ಲ ಅಂತಲೋ ನಮಗೇ ಗೊತ್ತಾಗದು. ಆಮೇಲೆ ದೇಹದ ಚಿತ್ರ ಮುಂದಿಟ್ಟು, ಇಲ್ಲವೇ ಅವರ ಮೈಮೇಲೆಯೇ, 'ಎಲ್ಲಿ, ಕೈಯಿಟ್ಟು ತೋರಿಸಿ' ಅನ್ನಿ, ಕಾಯಿರಿ. ನಡುವೆ ಪದ ತುಂಬಿಕೊಡಬೇಡಿ. ಸ್ಲೇಟು ಕೊಟ್ಟರೆ ಆಯಿತು ಅಂದುಕೊಳ್ಳುವವರು ತುಂಬಾ ಜನ. ಗಂಟಲಿನ ಆಪರೇಷನ್ ಆಗಿ ದನಿ ಹೋದವರಿಗೆ ಸ್ಲೇಟು ಸಾಕು. ಅಫೇಸಿಯಾದಲ್ಲಿ ಸಾಮಾನ್ಯವಾಗಿ ಬರವಣಿಗೆಯೂ ಕೆಟ್ಟಿರುತ್ತದೆ. ಅರ್ಥ ಆಗದಿದ್ದಾಗ 'ಕಾಲಿನ ವಿಷಯ ಅಂತ ಗೊತ್ತಾಯಿತು, ಏನಾಗಿದೆ ಅಂತ ಗೊತ್ತಾಗಲಿಲ್ಲ' ಅಂತ ಬಾಯಿಬಿಟ್ಟು ಹೇಳುವುದನ್ನು ಅಭ್ಯಾಸ ಮಾಡಿಸಿ. ಇದೊಂದು ಮಾತು ನನ್ನ ವಿದ್ಯಾರ್ಥಿಗಳ ಬಾಯಲ್ಲಿ ಬರಲು ಬಹಳ ಹೊತ್ತು ಹಿಡಿಯುತ್ತದೆ.

ಇನ್ನು ಆ ಇಪ್ಪತ್ತು ಸನ್ನೆಗಳು. ಬೇಡ ಅಂತೀನಿ. ಸನ್ನೆ ಭಾಷೆ ತನ್ನದೇ ವ್ಯಾಕರಣ ಇರುವ ಪೂರ್ತಿ ಭಾಷೆ. 'ನೋವು', 'ಮಾತ್ರೆ' ಕಲಿತವರು ವಾರಕ್ಕೊಮ್ಮೆ ಅನ್ನುವುದನ್ನು ಹೇಗೆ ಹೇಳುತ್ತಾರೆ? ನಮಸ್ಕಾರ ಹೇಳುವಷ್ಟು ಕಲಿಸಿ, ಉಳಿದ ಹೊತ್ತಿನಲ್ಲಿ ಸನ್ನೆ ಭಾಷೆಯ ದುಭಾಷಿಯನ್ನು ಹೇಗೆ ಕರೆಸುವುದು ಅಂತ ತೋರಿಸಿ. ಮಗಳೋ ಮಗನೋ ಜೊತೆಗಿದ್ದಾರಲ್ಲ ಅಂತ ಬಿಡಬೇಡಿ. ಅವರು ಅರ್ಧ ಹೇಳಿ ಅರ್ಧ ನುಂಗುತ್ತಾರೆ, ಕೆಟ್ಟ ಸುದ್ದಿಯಾದರೆ ಪೂರ್ತಿ ನುಂಗುತ್ತಾರೆ.

ಸಾಧ್ಯವಾದರೆ ಕಿವಿ ಕೇಳಿಸದವರನ್ನೇ ಸಂಭಾವನೆ ಕೊಟ್ಟು ಕರೆಸಿ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿಗಳಿಗೆ ಆಟವನ್ನೇ ತಿರುಗಿಸಿ ಆಡಿಸುತ್ತಾರೆ. ಅಲ್ಲಿ ಕಿವುಡರು ವೈದ್ಯರು, ಸಿಬ್ಬಂದಿ ಎಲ್ಲಾ ಆಗುತ್ತಾರೆ. ಕೇಳಿಸುವ ವಿದ್ಯಾರ್ಥಿಗಳು ರೋಗಿಗಳಾಗಿ, ಸನ್ನೆ ಮಾತ್ರ ನಡೆಯುವ ಆಸ್ಪತ್ರೆಯಲ್ಲಿ ಒದ್ದಾಡಬೇಕು.

ಎರಡು ಗಂಟೆಗೆ ಈ ಎರಡು ಸನ್ನಿವೇಶ ಸಾಕು. ಆರೇಳು ತುರುಕಿದರೆ ಎರಡನೇ ಸುತ್ತಿಗೆ ಹೊತ್ತೇ ಉಳಿಯುವುದಿಲ್ಲ, ಕಲಿಯುವುದೆಲ್ಲ ಎರಡನೇ ಸುತ್ತಿನಲ್ಲೇ. ಫೀಡ್‌ಬ್ಯಾಕ್ ಹಾಳೆ ಬಿಟ್ಟುಬಿಡಿ, ಆ ಏಳು ಚೌಕದ ಹಾಳೆಗಳನ್ನು ಇಟ್ಟುಕೊಳ್ಳಿ. ಎರಡನೇ ಸುತ್ತಿನಲ್ಲೂ ತಪ್ಪು ಗುರುತು ಬಂದ ಗುಂಪಿನವರು ವಾರ್ಡ್‌ನಲ್ಲಿ ಡಿಸ್ಚಾರ್ಜ್ ವಿವರ ಹೇಳುವಾಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ.