ಅರ್ಧ ರೊಟ್ಟಿಗೇ ಹೊಟ್ಟೆ ತುಂಬುವುದು: ಒಂದು ಆಪ್ತಸಲಹೆ ಪ್ರಕರಣ

ಜಮಖಂಡಿ ತಾಲೂಕಿನ ಹಳ್ಳಿಯ 54 ವರ್ಷದ ಮಹಿಳೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಲಾಗಿದೆ. ಮಗ, ಸೊಸೆ ಜೊತೆಗೆ ಬಂದಿದ್ದರು. ಮನೆಯಲ್ಲಿ ನಾಲ್ಕು ತಿಂಗಳಿಂದ ಒಂದೇ ಜಗಳ: ಅತ್ತೆ ಅರ್ಧ ರೊಟ್ಟಿ ಮುರಿದು ಗಂಗಾಳ ಸರಿಸುತ್ತಾರೆ. ಸೊಸೆಯ ಅಡುಗೆ ಹಿಡಿಸದೆ ಮುನಿಸಿಕೊಂಡಿದ್ದಾರೆ ಎಂದು ನೆಂಟರ ಮಾತು. ಅತ್ತೆ ಹೇಳಿದ್ದು ಬೇರೆ: "ಹಸಿವಿ ಆಗತೈತ್ರಿ. ಎರಡ ತುತ್ತ ಒಳಗ ಹೋದ್ರ ಎದಿಮಟಾ ತುಂಬಿಧಂಗ ಆಗತೈತಿ."

ಹಸಿವೇ ಇಲ್ಲದಿರುವುದು ಬೇರೆ, ಹಸಿದು ಕೂತು ಬೇಗ ತುಂಬುವುದು ಬೇರೆ. ಮನಸ್ಸಿನ ಬೇಸರದಲ್ಲಿ ಸಾಮಾನ್ಯವಾಗಿ ಹಸಿವೇ ಹೋಗುತ್ತದೆ. ಹಾಗಾಗಿ ಇಲ್ಲಿ ಅತ್ತೆ-ಸೊಸೆಯ ಮಾತನ್ನು ಬದಿಗಿಟ್ಟು ಹೊಟ್ಟೆಯ ಬಗ್ಗೆಯೇ ಕೇಳಬೇಕಾಯಿತು.

ಸಿಕ್ಕ ವಿವರಗಳಿವು. 16 ವರ್ಷದಿಂದ ಸಕ್ಕರೆ ಕಾಯಿಲೆ, ಊಟಕ್ಕೆ ಅರ್ಧ ಗಂಟೆ ಮೊದಲು ಇನ್ಸುಲಿನ್. ತೂಕ 58ರಿಂದ 52 ಕಿಲೋಗೆ ಇಳಿದಿದೆ. ವಾರಕ್ಕೆರಡು ಬಾರಿ ಸಂಜೆ ವಾಂತಿ, ಅದರಲ್ಲಿ ಬೆಳಿಗ್ಗೆ ತಿಂದ ರೊಟ್ಟಿಯ ಚೂರು ಹಾಗೆಯೇ ಕಾಣುತ್ತದೆ. ಸಕ್ಕರೆ ಬರೆದಿಟ್ಟ ವಹಿ ಇನ್ನೂ ಸ್ಪಷ್ಟವಾಗಿತ್ತು: ಊಟವಾಗಿ ಒಂದು ಗಂಟೆಗೆ 68, ನಾಲ್ಕು ಗಂಟೆಗೆ 290. ಇನ್ಸುಲಿನ್ ತನ್ನ ಹೊತ್ತಿಗೆ ಕೆಲಸ ಶುರು ಮಾಡಿದೆ, ಊಟ ಮಾತ್ರ ಇನ್ನೂ ಜಠರ ಬಿಟ್ಟು ಹೊರಟಿಲ್ಲ.

ಊಟ ಇಳಿದಾಗ ಜಠರದ ಮೇಲ್ಭಾಗ ಸಡಿಲಗೊಂಡು ಜಾಗ ಕೊಡಬೇಕು, ಕೆಳಭಾಗ ಅದನ್ನು ಒಂದೆರಡು ಮಿಲಿಮೀಟರ್ ಚೂರಾಗುವವರೆಗೆ ಅರೆದು ಕರುಳಿಗೆ ದಾಟಿಸಬೇಕು. ಎರಡನ್ನೂ ನಡೆಸುವುದು ವೇಗಸ್ ನರ. ವರ್ಷಗಟ್ಟಲೆ ಏರಿದ ಸಕ್ಕರೆ ಕಾಲಿನ ನರ ಕೆಡಿಸಿದಂತೆ ಇದನ್ನೂ ಕೆಡಿಸುತ್ತದೆ. ಹೀಗೆ ಜಠರ ಖಾಲಿಯಾಗುವುದು ನಿಧಾನವಾದರೆ ಗ್ಯಾಸ್ಟ್ರೋಪರೇಸಿಸ್ ಎನ್ನುತ್ತಾರೆ.

ಆದರೆ ಅಂದಾಜಿನ ಮೇಲೆ ನಿಲ್ಲುವಂತಿರಲಿಲ್ಲ. ಈ ವಯಸ್ಸಿನಲ್ಲಿ ತೂಕ ಇಳಿದು ಬೇಗ ಹೊಟ್ಟೆ ತುಂಬಿದರೆ ಜಠರದ ಗಡ್ಡೆ, ಹುಣ್ಣಿನಿಂದ ಕಿರಿದಾದ ದಾರಿ ಇಲ್ಲವೆಂದು ಮೊದಲು ಖಚಿತವಾಗಬೇಕು. ಕಪ್ಪು ಮಲ, ರಕ್ತಹೀನತೆ, ನುಂಗಲು ತೊಂದರೆ ಇದ್ದರೆ ಇನ್ನೂ ಅವಸರ. ದೊಡ್ಡದಾದ ಗುಲ್ಮ, ಹೊಟ್ಟೆಯಲ್ಲಿ ತುಂಬಿದ ನೀರು, ಅಂಡಾಶಯದ ಗಡ್ಡೆ ಹೊರಗಿನಿಂದ ಜಠರವನ್ನು ಒತ್ತಿದರೂ ಇದೇ ದೂರು ಬರುತ್ತದೆ. ಎಂಡೋಸ್ಕೋಪಿ, ಹೊಟ್ಟೆಯ ಸ್ಕ್ಯಾನಿಂಗ್‌ಗೆ ಕಳಿಸಲಾಯಿತು. ಗಡ್ಡೆ, ಹುಣ್ಣು ಇರಲಿಲ್ಲ. ರಾತ್ರಿಯಿಡೀ ಉಪವಾಸವಿದ್ದರೂ ಜಠರದಲ್ಲಿ ಅನ್ನ ಉಳಿದಿತ್ತು. ನಂತರದ ಪರೀಕ್ಷೆಯಲ್ಲಿ ವಿಕಿರಣ ಗುರುತು ಬೆರೆಸಿದ ಆಹಾರ ತಿನ್ನಿಸಿ ನೋಡಿದಾಗ ನಾಲ್ಕು ಗಂಟೆಯ ಮೇಲೂ 31% ಒಳಗೇ ಇತ್ತು. 10% ದಾಟಿದರೆ ನಿಧಾನವೆಂದೇ ಲೆಕ್ಕ.

ಕಷ್ಟದ ಮಾತು ಮುಂದಿನದು. ಸಕ್ಕರೆ ಕಾಯಿಲೆಗೆಂದು ಮನೆಯವರು ಪ್ರೀತಿಯಿಂದ ಕೊಡುತ್ತಿದ್ದದ್ದೆಲ್ಲ ಈ ಜಠರಕ್ಕೆ ಭಾರ: ಕಟಕ ರೊಟ್ಟಿ, ಮೊಳಕೆ ಕಾಳು, ಹಸಿ ಮೆಂತ್ಯ-ಮೂಲಂಗಿ ಪಚಡಿ. ಎಣ್ಣೆ ತೇಲುವ ಎಣಗಾಯಿ, ಶೇಂಗಾ ಹಿಂಡಿ ಬೇರೆ. ನಾರು, ಜಿಡ್ಡು ಎರಡೂ ಜಠರವನ್ನು ಇನ್ನಷ್ಟು ತಡೆಯುತ್ತವೆ. ಅತ್ತೆಯ ದವಡೆ ಹಲ್ಲುಗಳೂ ಹೋಗಿದ್ದವು, ಅಂದರೆ ಅರೆಯುವ ಮೊದಲ ಗಿರಣಿಯೇ ಬಂದ್. ಸಾಲದ್ದಕ್ಕೆ ಹೊಟ್ಟೆನೋವಿಗೆಂದು ಮೆಡಿಕಲ್ ಅಂಗಡಿಯಿಂದ ಡೈಸೈಕ್ಲೋಮಿನ್ ತಂದು ನುಂಗುತ್ತಿದ್ದರು, ಅದೂ ಜಠರದ ಚಲನೆ ತಗ್ಗಿಸುವ ಗುಳಿಗೆ. ವೈದ್ಯರು ಅದನ್ನು ನಿಲ್ಲಿಸಿದರು.

ಸೊಸೆಗೆ ಕೊಟ್ಟ ಸಲಹೆ: ದಿನಕ್ಕೆ ಆರು ಸಲ, ಪ್ರತಿ ಸಲ ಒಂದು ಸಣ್ಣ ವಾಟಿ, ಸುಮಾರು 150 ಮಿಲಿಲೀಟರ್. ಮೆತ್ತಗಿನ ಅನ್ನಕ್ಕೆ ಹೆಸರುಬೇಳೆ ಕಟ್ಟು, ಇಡ್ಲಿ, ಜರಡಿ ಹಿಡಿದ ಹಿಟ್ಟಿನ ಅಂಬಲಿ, ಕಡೆದ ಮೊಸರು, ಸಿಪ್ಪೆ-ಬೀಜ ತೆಗೆದು ಬೇಯಿಸಿ ಮಸೆದ ಸೋರೆಕಾಯಿ. ಹೊತ್ತು ಇಳಿದಂತೆ ಹೊಟ್ಟೆ ಭಾರವಾಗುವುದರಿಂದ ಗಟ್ಟಿ ಊಟ ಬೆಳಿಗ್ಗೆ, ಮಧ್ಯಾಹ್ನ ಮುಗಿಯಲಿ. ಸಂಜೆ ನಂತರ ತೆಳ್ಳಗಿನದು ಸಾಕು, ಏಕೆಂದರೆ ದ್ರವವನ್ನು ಅರೆಯಬೇಕಿಲ್ಲ. ಊಟಕ್ಕೆ ಮೊದಲು ಚೊಂಬು ನೀರು ಬೇಡ. ಉಂಡ ಮೇಲೆ ಹತ್ತು ನಿಮಿಷ ನಡೆದಾಡಲಿ, ಎರಡು ಗಂಟೆ ಮಲಗದಿರಲಿ.

ಇನ್ಸುಲಿನ್ ಹೊತ್ತು, ಪ್ರಮಾಣವನ್ನು ವೈದ್ಯರು ಬದಲಿಸಿದರು. ಅದನ್ನು ಮನೆಯಲ್ಲೇ ಹೊಂದಿಸಲು ಹೋಗಬಾರದು. ಸಕ್ಕರೆ 70ಕ್ಕಿಂತ ಇಳಿದರೆ ಉಂಡಿ, ಚಿಕ್ಕಿ ಕೊಡಬೇಡಿ, ಅವು ಜಠರದಲ್ಲೇ ಕೂರುತ್ತವೆ. ಮೂರು ಟೀ ಚಮಚ ಸಕ್ಕರೆ ಕರಗಿಸಿದ ನೀರು ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಮಂಪರು ಬಂದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಜಠರದ ಚಲನೆ ಹೆಚ್ಚಿಸುವ ಮೆಟೊಕ್ಲೋಪ್ರಮೈಡ್ ಗುಳಿಗೆಯನ್ನೂ ವೈದ್ಯರು ಬರೆದುಕೊಟ್ಟಿದ್ದಾರೆ. ಅದು 12 ವಾರ ಮೀರಬಾರದು. ತುಟಿ, ನಾಲಿಗೆ ತಾನಾಗಿ ಆಡತೊಡಗಿದರೆ ಅವತ್ತೇ ವೈದ್ಯರಿಗೆ ತಿಳಿಸಬೇಕು. ಹಳೇ ಚೀಟಿ ತೋರಿಸಿ ಅಂಗಡಿಯಲ್ಲಿ ಮತ್ತೆ ಮತ್ತೆ ಕೊಳ್ಳುವ ರೂಢಿ ನಮ್ಮ ಕಡೆ ಇದೆಯಲ್ಲ, ಅದಕ್ಕೇ ಮಗನಿಗೆ ಚೀಟಿಯ ಮೇಲೆ ಮುಗಿಯುವ ತಾರೀಖು ಬರೆಸಲಾಯಿತು.

ಆರು ವಾರಕ್ಕೆ ತೂಕ 53 ಕಿಲೋ, ವಾಂತಿ ತಿಂಗಳಿಗೆ ಒಂದೋ ಎರಡೋ. ರೊಟ್ಟಿ ಕೇಳುತ್ತಾರೆ. ಹಲ್ಲಿನ ಸೆಟ್ ಕೂತ ಮೇಲೆ ಬಿಸಿ ಮೆತ್ತನೆ ರೊಟ್ಟಿ ಕಾಲು ಭಾಗ, ಸಾರಿನಲ್ಲಿ ನೆನೆಸಿ, ಮಧ್ಯಾಹ್ನ ಮಾತ್ರ ಎಂದು ಒಪ್ಪಂದವಾಗಿದೆ.